ಬೂದು ಮನೆ, ಬಿಳಿ ಮನೆ

1989ರ ಆಗಸ್ಟ್ ತಿಂಗಳಲ್ಲಿ ಪಶ್ಚಿಮ ಜರ್ಮನಿಯ ಕೀಲ್ ನಗರದಲ್ಲಿ ಧ್ವನಿಶಾಸ್ತ್ರಜ್ಞರ ದೊಡ್ಡ ಸಭೆಯೊಂದು ನಡೆಯಿತು. ಅಂತಾರಾಷ್ಟ್ರೀಯ ಧ್ವನಿ ಸಂಘ, ಅಂದರೆ ಐಪಿಎ, ಆ ಹೊತ್ತಿಗೆ ನೂರು ವರ್ಷ ದಾಟಿತ್ತು. ಜಗತ್ತಿನ ಯಾವ ಭಾಷೆಯ ಉಚ್ಚಾರಣೆಯನ್ನಾದರೂ ಬರೆದಿಡಬಲ್ಲ ಅದರ ಲಿಪಿಗೆ ಕಾಲಕಾಲಕ್ಕೆ ತೇಪೆ ಹಾಕುತ್ತ ಬರಲಾಗಿತ್ತು. ಈ ಸಲ ಅದನ್ನು ಬುಡದಿಂದಲೇ ಪರಿಶೀಲಿಸುವುದು ಸಭೆಯ ಉದ್ದೇಶವಾಗಿತ್ತು. ಸಂಘದ ಅಧ್ಯಕ್ಷರಾಗಿದ್ದವರು ಪೀಟರ್ ಲ್ಯಾಡಿಫೋಗೆಡ್. ಆಫ್ರಿಕಾದಿಂದ ಹಿಡಿದು ನೀಲಗಿರಿಯವರೆಗೆ ಊರೂರು ಅಲೆದು ಜನರ ಮಾತನ್ನು ಧ್ವನಿಮುದ್ರಿಸಿಕೊಂಡವರು ಅವರು.

ಆ ಸಭೆಯಿಂದ ಹೊರಬಂದ ಹೊಸ ಕೋಷ್ಟಕದಲ್ಲಿ ಕೆಲವು ಅಕ್ಷರಗಳು ಹೋಗಿದ್ದವು, ಕೆಲವು ಬಂದಿದ್ದವು. ಅದರಷ್ಟೇ ದೊಡ್ಡ ಸಂಗತಿ ಅಕ್ಷರವೇ ಇಲ್ಲದ ಜಾಗಗಳಲ್ಲಿತ್ತು. ಖಾಲಿ ಮನೆಗಳಲ್ಲಿ ಕೆಲವನ್ನು ಬೂದು ಬಣ್ಣದಿಂದ ತುಂಬಿ, ಉಳಿದವನ್ನು ಬಿಳಿಯಾಗಿಯೇ ಬಿಡಲಾಗಿತ್ತು. ಕೆಳಗೊಂದು ಟಿಪ್ಪಣಿ ಇತ್ತು: ಬೂದು ಜಾಗಗಳು ಅಸಾಧ್ಯವೆಂದು ತೀರ್ಮಾನಿಸಲಾದ ಉಚ್ಚಾರಣೆಗಳನ್ನು ಸೂಚಿಸುತ್ತವೆ. ಹಾಗಾದರೆ ಬಿಳಿಯಾಗಿ ಉಳಿದ ಖಾಲಿ ಮನೆ ಹೇಳುವುದೇ ಬೇರೆ: ಈ ಧ್ವನಿಯನ್ನು ಮನುಷ್ಯ ಉಚ್ಚರಿಸಬಹುದು, ಆದರೆ ಅದಕ್ಕೆ ಪ್ರತ್ಯೇಕ ಅಕ್ಷರ ಕೊಡುವ ಪ್ರಸಂಗ ಇನ್ನೂ ಬಂದಿಲ್ಲ.

ಈ ಎರಡು ಬಣ್ಣಗಳ ಹಿಂದೆ ಒಂದು ಶತಮಾನದ ಕೆಲಸವಿದೆ.

ಸಂಘ ಹುಟ್ಟಿದ್ದು 1886ರಲ್ಲಿ, ಪ್ಯಾರಿಸ್‌ನಲ್ಲಿ. ಅದನ್ನು ಕಟ್ಟಿದ ಪೌಲ್ ಪಾಸಿ ಮತ್ತು ಅವರ ಜೊತೆಗಾರರು ಭಾಷೆ ಕಲಿಸುವ ಮೇಷ್ಟ್ರುಗಳು. ಇಂಗ್ಲಿಷಿನ ಕಾಗುಣಿತ ನೋಡಿ ಉಚ್ಚಾರಣೆ ಕಲಿಯಲು ಹೋದ ಫ್ರೆಂಚ್ ಮಕ್ಕಳ ಪಾಡು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದೇ ಲಿಪಿ ಎಲ್ಲ ಭಾಷೆಗಳಿಗೂ ಆಗುವಂತಿರಬೇಕು ಎಂಬ ಸಲಹೆಯನ್ನು ಡೆನ್ಮಾರ್ಕಿನ ಓಟೊ ಯೆಸ್ಪರ್ಸನ್ ಪಾಸಿಗೆ ಬರೆದ ಕಾಗದದಲ್ಲಿ ಕೊಟ್ಟರು. 1888ರಲ್ಲಿ ಮೊದಲ ಲಿಪಿ ಸಿದ್ಧವಾಯಿತು. ಆದರೆ ಅದು ಬರೀ ಪಟ್ಟಿ. ಒಂದರ ಕೆಳಗೊಂದು ಅಕ್ಷರ, ಪಕ್ಕದಲ್ಲಿ ಆ ಧ್ವನಿ ಬರುವ ಪದ. ಪಟ್ಟಿಯಲ್ಲಿ ಖಾಲಿ ಜಾಗ ಎಂಬುದೇ ಇರುವುದಿಲ್ಲ. ಇರುವುದನ್ನು ಬರೆದರೆ ಮುಗಿಯಿತು. ಇಲ್ಲದಿರುವುದರ ಸುದ್ದಿ ಅದಕ್ಕೆ ಬೇಕಿಲ್ಲ.

ಅಡ್ಡಸಾಲು ಮತ್ತು ಕಂಬಸಾಲುಗಳ ಕೋಷ್ಟಕ 1900ರ ಹೊತ್ತಿಗೆ ಬಂತು. ಅದರ ಕಂಬಗಳನ್ನು ಕಂಡರೆ ಕನ್ನಡ ಓದುಗರಿಗೆ ಹಳೆಯ ಪರಿಚಯ ಸಿಕ್ಕಂತಾಗುತ್ತದೆ. ಎಡತುದಿಯಲ್ಲಿ ಗಂಟಲು, ನಂತರ ಅಂಗುಳ, ನಾಲಿಗೆ, ಬಲತುದಿಯಲ್ಲಿ ತುಟಿ. ಕ, ಚ, ಟ, ತ, ಪ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುವ ವರ್ಗಾಕ್ಷರಗಳ ನಡಿಗೆಯೂ ಅದೇ: ಕಂಠದಿಂದ ಹೊರಟು ಓಷ್ಠಕ್ಕೆ. ಸಂಸ್ಕೃತ ವ್ಯಾಕರಣದ ಧ್ವನಿ ವಿಂಗಡಣೆ ಹತ್ತೊಂಬತ್ತನೇ ಶತಮಾನದ ಯುರೋಪಿನ ಭಾಷಾವಿದ್ವಾಂಸರಿಗೆ ಹೊಸದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಸಂಘ ದಿಕ್ಕನ್ನು ತಿರುಗಿಸಿತು. 1932ರ ಕೋಷ್ಟಕದಲ್ಲಿ ತುಟಿ ಎಡಕ್ಕೆ ಬಂದಿದೆ, ಗಂಟಲು ಬಲಕ್ಕೆ ಸರಿದಿದೆ. ಎಡಕ್ಕೆ ಮುಖ ಮಾಡಿದ ತಲೆಯನ್ನು ಉದ್ದಕ್ಕೆ ಸೀಳಿ ಬಿಡಿಸಿದ ಚಿತ್ರಕ್ಕೆ ಈ ಕ್ರಮ ಸರಿಯಾಗಿ ಹೊಂದುತ್ತದೆ. ಇವತ್ತಿಗೂ ಅದೇ ಕ್ರಮ.

ಇಂದಿನ ಕೋಷ್ಟಕದಲ್ಲಿ 11 ಕಂಬಗಳಿವೆ, 8 ಸಾಲುಗಳಿವೆ. ಧ್ವನಿ ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದನ್ನು ಕಂಬ ಹೇಳುತ್ತದೆ. ಅಲ್ಲಿ ಉಸಿರಿಗೆ ಏನಾಗುತ್ತದೆ ಎಂಬುದನ್ನು ಸಾಲು ಹೇಳುತ್ತದೆ. ಉಸಿರು ಪೂರ್ತಿ ನಿಂತು ಸಿಡಿದರೆ ಸ್ಪರ್ಶ, ಬಾಯಿ ಮುಚ್ಚಿ ಮೂಗಿನಿಂದ ಹೋದರೆ ಅನುನಾಸಿಕ, ಅಂಗವೊಂದು ಅದಿರಿದರೆ ಕಂಪಿತ, ಒಮ್ಮೆ ಮಾತ್ರ ತಟ್ಟಿ ಹೋದರೆ ತಾಡಿತ, ಇಕ್ಕಟ್ಟಿನಲ್ಲಿ ಉಜ್ಜಿಕೊಂಡು ಹೋದರೆ ಘರ್ಷ, ನಾಲಿಗೆಯ ಪಕ್ಕದಿಂದ ಜಾರಿದರೆ ಪಾರ್ಶ್ವಿಕ. ಒಂದೊಂದು ಮನೆಯೊಳಗೂ ಎರಡು ಪಾಲು: ಎಡಕ್ಕೆ ಅಘೋಷ, ಬಲಕ್ಕೆ ಘೋಷ. ತುಟಿಯ ಕಂಬದ ಸ್ಪರ್ಶದ ಮನೆಯಲ್ಲಿ p ಎಡಕ್ಕೆ, b ಬಲಕ್ಕೆ ಕೂತಿರುವುದು ಹಾಗೆ. ಕನ್ನಡದ ಟ, ಡ, ಣ, ಳಗಳಿಗೆ ಮೂರ್ಧನ್ಯದ ಕಂಬದಲ್ಲಿ ʈ, ɖ, ɳ, ɭ ಎಂದು ಬಲಕ್ಕೆ ಬಾಲ ತಿರುಗಿದ ಅಕ್ಷರಗಳಿವೆ. ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ೞಕಾರದಂಥ ಧ್ವನಿಗೂ ಅದೇ ಕಂಬದಲ್ಲಿ ɻ ಎಂಬ ಮನೆಯಿದೆ. ಕೇಶಿರಾಜ ಹದಿಮೂರನೇ ಶತಮಾನದಲ್ಲಿ ಯಾವ ಪದದಲ್ಲಿ ೞ ಬರಬೇಕು ಎಂದು ಪಟ್ಟಿ ಮಾಡಬೇಕಾಗಿ ಬಂದಿತ್ತು. ತಮಿಳು, ಮಲಯಾಳಗಳಲ್ಲಿ ಆ ಧ್ವನಿ ಈಗಲೂ ಜೀವಂತವಾಗಿದೆ.

ಹೀಗೆ ಕಂಬ, ಸಾಲು ಎಳೆದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ಎರಡೂ ಕೂಡುವಲ್ಲೆಲ್ಲ ತಾನೇ ತಾನಾಗಿ ಒಂದು ಮನೆ ಹುಟ್ಟಿಬಿಡುತ್ತದೆ. ಆ ಮನೆಯಲ್ಲಿ ವಾಸ ಮಾಡುವ ಧ್ವನಿ ಇದೆಯೋ ಇಲ್ಲವೋ ಎಂದು ಕೋಷ್ಟಕ ಕೇಳುವುದಿಲ್ಲ. ಕೀಲ್ ಸಭೆಗೆ ಮುಂಚಿನ ಕೋಷ್ಟಕಗಳಲ್ಲಿ ಖಾಲಿ ಎಂದರೆ ಬರೀ ಖಾಲಿ. ನುಡಿಯಲು ಆಗದ್ದಕ್ಕೂ ಯಾರೂ ನುಡಿಯದ್ದಕ್ಕೂ ಭೇದವಿರಲಿಲ್ಲ. ಬೂದು ಬಣ್ಣ ಆ ಭೇದವನ್ನು ತಂದಿತು.

ಬೂದು ಮನೆಗಳಲ್ಲಿ ಎಲ್ಲಕ್ಕಿಂತ ನಿಸ್ಸಂದೇಹವಾದದ್ದು ಅನುನಾಸಿಕದ ಸಾಲಿನ ಬಲತುದಿಯಲ್ಲಿದೆ. ಅಲ್ಲಿ ಗಂಟಲಕುಹರದ ಮನೆಯೂ ಧ್ವನಿತಂತುಗಳ ಮನೆಯೂ ಪೂರ್ತಿ ಬೂದು. ಕಾರಣವನ್ನು ಯಾರು ಬೇಕಾದರೂ ತಮ್ಮ ಬಾಯಲ್ಲೇ ಪರೀಕ್ಷಿಸಬಹುದು. ತುಟಿ ಮುಚ್ಚಿ ಮ್… ಎಂದು ಎಳೆಯಿರಿ, ಎಳೆಯುತ್ತಿರುವಾಗಲೇ ಮೂಗು ಹಿಡಿಯಿರಿ. ಧ್ವನಿ ತಕ್ಷಣ ನಿಂತುಹೋಗುತ್ತದೆ. ಉಸಿರು ಶ್ವಾಸಕೋಶದಿಂದ ಹೊರಟು, ಧ್ವನಿತಂತುಗಳ ನಡುವೆ ಹಾದು, ಗಂಟಲಕುಹರವನ್ನು ಏರಿ, ಮೆತ್ತನೆಯ ಅಂಗುಳದ ಹತ್ತಿರ ಕವಲೊಡೆಯುತ್ತದೆ. ಒಂದು ದಾರಿ ಬಾಯಿಗೆ, ಇನ್ನೊಂದು ಮೂಗಿಗೆ. ಅನುನಾಸಿಕ ಎಂದರೆ ಬಾಯಿಯ ದಾರಿಯನ್ನು ಎಲ್ಲಾದರೂ ಒಂದು ಕಡೆ ಮುಚ್ಚಿ ಮೂಗಿನ ದಾರಿ ತೆರೆಯುವುದು. ಮಕಾರಕ್ಕೆ ತುಟಿಯಲ್ಲಿ, ನಕಾರಕ್ಕೆ ಹಲ್ಲಿನ ಹತ್ತಿರ, ಣಕಾರಕ್ಕೆ ಅಂಗುಳದ ಮೇಲ್ಭಾಗದಲ್ಲಿ, ಙಕಾರಕ್ಕೆ ಮೆತ್ತನೆಯ ಅಂಗುಳದಲ್ಲಿ ಬಾಗಿಲು ಹಾಕುತ್ತೇವೆ. ಇನ್ನೂ ಹಿಂದಕ್ಕೆ ಹೋಗಿ ಕಿರುನಾಲಿಗೆಯ ಬಳಿ ಮುಚ್ಚಿದರೂ ನಡೆಯುತ್ತದೆ; ಅದಕ್ಕೆ ɴ ಎಂಬ ಅಕ್ಷರವಿದೆ. ಅಲ್ಲಿಗೆ ಮುಗಿಯಿತು, ಏಕೆಂದರೆ ಕವಲು ಇರುವುದೇ ಅಲ್ಲಿ. ಅದಕ್ಕಿಂತ ಕೆಳಗೆ, ಗಂಟಲಲ್ಲೇ ಬಾಗಿಲು ಹಾಕಿದರೆ ಉಸಿರು ಕವಲಿನವರೆಗೆ ಬರುವುದೇ ಇಲ್ಲ. ಮೂಗು ತೆರೆದಿದ್ದು ಏನು ಪ್ರಯೋಜನ? ಇದು ಅಭ್ಯಾಸ ಮಾಡಿ ಗೆಲ್ಲುವ ಕಷ್ಟವಲ್ಲ, ದೇಹದ ರಚನೆಯೇ ಹಾಗಿದೆ.

ಕಂಪಿತದ ಸಾಲಿನಲ್ಲಿ ಮೆತ್ತನೆಯ ಅಂಗುಳದ ಮನೆ ಬೂದಾಗಿರುವುದಕ್ಕೆ ಕಾರಣ ಬೇರೆ. ರ್ರ್ ಎಂದು ನಾಲಿಗೆ ಅದುರಿಸುವಾಗ ತುದಿಯನ್ನು ಸ್ನಾಯುಗಳು ಒಂದೊಂದು ಸಲವೂ ಎತ್ತಿ ಇಳಿಸುತ್ತಿಲ್ಲ. ಸೆಕೆಂಡಿಗೆ ಸುಮಾರು 25ರಿಂದ 30 ಸಲ ಅಷ್ಟು ಚುರುಕಾಗಿ ನಾಲಿಗೆಗೆ ಆಜ್ಞೆ ಕೊಡಲು ಆಗುವುದಿಲ್ಲ. ಸ್ನಾಯುಗಳು ತುದಿಯನ್ನು ಸರಿಯಾದ ಜಾಗದಲ್ಲಿ ಸಡಿಲವಾಗಿ ಹಿಡಿದಿಡುತ್ತವೆ, ಅದುರಿಸುವುದು ಗಾಳಿ. ಹಿಂದಿನ ಒತ್ತಡ ತುದಿಯನ್ನು ತಳ್ಳಿ ತೆರೆಯುತ್ತದೆ, ಗಾಳಿ ನುಗ್ಗಿದಾಗ ಒತ್ತಡ ಇಳಿದು ತುದಿ ಮತ್ತೆ ಮುಚ್ಚಿಕೊಳ್ಳುತ್ತದೆ. ಈ ಆಟಕ್ಕೆ ಹಗುರವಾದ, ಸಡಿಲವಾದ ಅಂಗ ಬೇಕು. ಮನುಷ್ಯನ ಬಾಯಲ್ಲಿ ಅದಕ್ಕೆ ತಕ್ಕವು ತುಟಿ, ನಾಲಿಗೆಯ ತುದಿ, ಕಿರುನಾಲಿಗೆ. ಈ ಮೂರಕ್ಕೂ ಕೋಷ್ಟಕದಲ್ಲಿ ಅಕ್ಷರಗಳಿವೆ: ʙ, r, ʀ. ಮೊದಲನೆಯದು ಮುಖ್ಯ ಕೋಷ್ಟಕಕ್ಕೆ ಸೇರಿದ್ದು ಕೀಲ್‌ನಲ್ಲೇ. ಪಪುವಾ ನ್ಯೂಗಿನಿಯ ಕೇಲೆ, ಟಿಟಾನ್ ಭಾಷೆಗಳಲ್ಲಿ ತುಟಿ ಅದುರಿಸುವ ಧ್ವನಿ ಮಾಮೂಲು ಪದಗಳಲ್ಲಿ ಬರುತ್ತದೆ. ಮೆತ್ತನೆಯ ಅಂಗುಳದ ಬಳಿ ಮಾತ್ರ ಅದುರಬೇಕಾದದ್ದು ನಾಲಿಗೆಯ ಹಿಂಬದಿ. ಅದು ನಾಲಿಗೆಯ ಅತಿ ದಪ್ಪ ಭಾಗ. ಗಾಳಿಗೆ ಅದನ್ನು ಆಡಿಸುವ ಶಕ್ತಿಯಿಲ್ಲ. ಅದರ ಪಕ್ಕದ ಮನೆಯ ʀ ಹೇಗೆ ಸಾಧ್ಯವಾಯಿತು ಎಂದರೆ, ಅಲ್ಲಿ ಅದುರುವುದು ನಾಲಿಗೆಯಲ್ಲ, ಕಿರುನಾಲಿಗೆ.

ಇನ್ನು ಕೆಲವೆಡೆ ಬೂದು ಅರ್ಧ ಮನೆಗಷ್ಟೇ ಇದೆ. ಧ್ವನಿತಂತುಗಳ ಕಂಬದಲ್ಲಿ ಸ್ಪರ್ಶದ ಸಾಲಿಗೆ ಬಂದರೆ ಎಡಕ್ಕೆ ʔ ಇದೆ, ಬಲಕ್ಕೆ ಬೂದು. ಘೋಷ ಎಂದರೆ ಧ್ವನಿತಂತುಗಳು ಕಂಪಿಸಬೇಕು, ಈ ಸ್ಪರ್ಶಕ್ಕೆ ಅವೇ ಬಿಗಿಯಾಗಿ ಮುಚ್ಚಿರಬೇಕು. ಒಂದೇ ಜೋಡಿ ಎರಡನ್ನೂ ಒಟ್ಟಿಗೆ ಮಾಡಲಾರದು. ಒಂದು ಕಂಬ ಎಡಕ್ಕೆ ಸರಿದು ಗಂಟಲಕುಹರಕ್ಕೆ ಬಂದರೆ ಎಡಪಾಲು ಬಿಳಿ, ಬಲಪಾಲು ಬೂದು. ಇಲ್ಲಿನ ಅಡ್ಡಿ ಗಾಳಿಯ ಜಾಗದ್ದು. ಧ್ವನಿತಂತುಗಳು ಕಂಪಿಸಬೇಕಾದರೆ ಕೆಳಗಿನಿಂದ ಗಾಳಿ ಮೇಲಕ್ಕೆ ಹರಿಯುತ್ತಿರಬೇಕು. ಬಾಯಿ ಮುಚ್ಚಿದ್ದಾಗ ಆ ಗಾಳಿ ಹೋಗಿ ತುಂಬಲು ಮೇಲೆ ಸ್ಥಳ ಬೇಕು. ಬಕಾರಕ್ಕೆ ತುಟಿಯವರೆಗೂ ಇಡೀ ಬಾಯಿ ಇದೆ. ಗಕಾರಕ್ಕೆ ಅಷ್ಟಿಲ್ಲ, ಥಾಯ್ ಭಾಷೆಯಲ್ಲಿ b, d ಇದ್ದೂ ಗಕಾರ ಇಲ್ಲದಿರುವಂಥ ಸಂಗತಿಗಳಿಗೆ ಧ್ವನಿಶಾಸ್ತ್ರಜ್ಞರು ಈ ಇಕ್ಕಟ್ಟನ್ನೇ ಕಾರಣವಾಗಿ ಕೊಡುತ್ತಾರೆ. ಗಂಟಲಲ್ಲಿ ಮುಚ್ಚಿದರೆ ಉಳಿಯುವ ಜಾಗ ತೀರಾ ಚಿಕ್ಕದು, ಕಂಪನ ಶುರುವಾಗುವ ಮೊದಲೇ ತುಂಬಿಹೋಗುತ್ತದೆ.

ಇಲ್ಲಿಯವರೆಗಿನ ಅಸಾಧ್ಯಗಳನ್ನು ಒಪ್ಪಲು ಕಷ್ಟವಿಲ್ಲ. ಆದರೆ ಪಾರ್ಶ್ವಿಕದ ಎರಡೂ ಸಾಲುಗಳಲ್ಲಿ ತುಟಿಯ ಮನೆಗಳು ಬೂದಾಗಿರುವುದನ್ನು ಸ್ವಲ್ಪ ನಿಂತು ನೋಡಬೇಕು. ತುಟಿಗಳ ನಡುಭಾಗ ಒತ್ತಿ ಹಿಡಿದು ಎರಡು ಬದಿಯಿಂದ ಗಾಳಿ ಬಿಡುವುದು ಯಾರಿಗೂ ಆಗದ ಕೆಲಸವಲ್ಲ. ಹಾಗಿದ್ದೂ ಅದು ಅಸಾಧ್ಯ ಎನಿಸಿಕೊಂಡಿರುವುದು, ಪಾರ್ಶ್ವಿಕ ಎಂದರೆ ಗಾಳಿ ನಾಲಿಗೆಯ ಪಕ್ಕದಿಂದ ಹೋಗಬೇಕು ಎಂಬ ವ್ಯಾಖ್ಯೆಯಿಂದ. ತುಟಿಯ ಧ್ವನಿಯಲ್ಲಿ ನಾಲಿಗೆಗೆ ಪಾತ್ರವೇ ಇಲ್ಲ. ಅಂದರೆ ಇಲ್ಲಿ ಅಡ್ಡಿ ದೇಹದ್ದಲ್ಲ, ಲಕ್ಷಣದ್ದು. ಒಂದೇ ಬೂದು ಬಣ್ಣ ಎರಡು ಬೇರೆ ಬೇರೆ ಅಸಾಧ್ಯಗಳನ್ನು ಮುಚ್ಚಿಕೊಂಡಿದೆ, ಇದು ಕೋಷ್ಟಕದ ನಿಜವಾದ ಕೊರತೆ. ಟಿಪ್ಪಣಿಯಲ್ಲಿ ಬರಿದೇ ಅಸಾಧ್ಯ ಎನ್ನದೆ ಅಸಾಧ್ಯವೆಂದು ತೀರ್ಮಾನಿಸಲಾದ ಎಂದು ಬರೆದವರು ಎಚ್ಚರದಿಂದಲೇ ಬರೆದಿದ್ದಾರೆ.

ಬಿಳಿ ಮನೆಗಳ ಚರಿತ್ರೆ ಇನ್ನೂ ಸ್ವಾರಸ್ಯದ್ದು. ಕೀಲ್ ಕೋಷ್ಟಕದಲ್ಲಿ ತಾಡಿತದ ಸಾಲಿನ ದಂತೋಷ್ಠ್ಯ ಮನೆ ಖಾಲಿಯಿತ್ತು, ಬಿಳಿಯಾಗಿತ್ತು. ಅಲ್ಲಿ ಇರಬೇಕಾದ ಧ್ವನಿಯನ್ನು ಮಾಡುವ ಬಗೆ ಹೀಗೆ: ಕೆಳತುಟಿಯನ್ನು ಮೇಲಿನ ಹಲ್ಲುಗಳ ಹಿಂದಕ್ಕೆ ಎಳೆದುಕೊಂಡು, ಅಲ್ಲಿಂದ ಫಕ್ಕನೆ ಮುಂದಕ್ಕೆ ಚಿಮ್ಮಬೇಕು, ಚಿಮ್ಮುವ ದಾರಿಯಲ್ಲಿ ತುಟಿ ಹಲ್ಲಿಗೆ ಒಮ್ಮೆ ತಟ್ಟಿ ಹೋಗಬೇಕು. ಇದು ಯಾರಿಗೂ ಗೊತ್ತಿಲ್ಲದ ಧ್ವನಿಯಲ್ಲ. ಕ್ಲೆಮೆಂಟ್ ಡೋಕ್ 1931ರ ತಮ್ಮ ಶೋನಾ ಭಾಷೆಯ ಅಧ್ಯಯನದಲ್ಲೇ ಇದನ್ನು ವರ್ಣಿಸಿದ್ದರು. ನೈಜೀರಿಯದ ಮಾರ್ಗಿ ಭಾಷೆಯಲ್ಲೂ ಇದು ಕಂಡಿತ್ತು. ಆದರೂ ಅಕ್ಷರ ಸಿಗಲಿಲ್ಲ. ಈ ಭಾಷೆಗಳಲ್ಲಿ ಅದು ಹೆಚ್ಚಾಗಿ ಅನುಕರಣ ಪದಗಳಲ್ಲಿ ಬರುತ್ತಿತ್ತು, ನಮ್ಮಲ್ಲಿ ಸರ್ರನೆ, ದಢಾರನೆ ಎನ್ನುವಂಥ ಪದಗಳಲ್ಲಿ. ಅಂಥ ಪದಗಳು ಭಾಷೆಯ ಸಾಮಾನ್ಯ ಧ್ವನಿವ್ಯವಸ್ಥೆಯ ಹೊರಗಿರುತ್ತವೆ ಎಂದು ವಿದ್ವಾಂಸರು ಅದನ್ನು ಅಪರೂಪದ ಚಮತ್ಕಾರವಾಗಿ ನೋಡಿ ಮುಂದೆ ಹೋದರು.

ಈ ಎಣಿಕೆಯನ್ನು ಬದಲಿಸಿದವರು ಕೆನೆತ್ ಓಲ್ಸನ್ ಮತ್ತು ಜಾನ್ ಹಾಯೆಕ್. ಓಲ್ಸನ್ ಕಾಂಗೋದ ಮೋನೊ ಭಾಷೆಯ ಮೇಲೆ ಕೆಲಸ ಮಾಡಿದವರು. ಅಲ್ಲಿ ಈ ಧ್ವನಿ ಅನುಕರಣ ಪದಗಳ ಅಂಚಿನಲ್ಲಿರಲಿಲ್ಲ, ನಿತ್ಯದ ನಾಮಪದ, ಕ್ರಿಯಾಪದಗಳೊಳಗೇ ಇತ್ತು. ಇಬ್ಬರೂ ಸೇರಿ ಹಳೆಯ ವರದಿಗಳನ್ನೆಲ್ಲ ಕಲೆಹಾಕಿದರು. ಒಂದೊಂದು ವರದಿಯೂ ಬಿಡಿಯಾಗಿ ಅಪವಾದದಂತೆ ಕಾಣುತ್ತಿತ್ತು, ಒಟ್ಟಿಗೆ ಇಟ್ಟಾಗ ಮಧ್ಯ ಆಫ್ರಿಕಾ ಮತ್ತು ಅದರ ಸುತ್ತಲಿನ 70ಕ್ಕೂ ಹೆಚ್ಚು ಭಾಷೆಗಳಾದವು. ಅವರ ಮೊದಲ ಲೇಖನ 1999ರಲ್ಲಿ ಸಂಘದ ಪತ್ರಿಕೆಯಲ್ಲೇ ಬಂತು. 2005ರಲ್ಲಿ ಸಂಘದ ಪರಿಷತ್ತು ಮತ ಹಾಕಿ ಹೊಸ ಅಕ್ಷರವನ್ನು ಒಪ್ಪಿತು: ⱱ, ಬಲತುದಿಯಲ್ಲಿ ಕೊಕ್ಕೆಯಿರುವ v. ಆ ಮನೆಗೆ ಹೀಗೆ ನಿವಾಸಿ ಬಂತು.

ಪಕ್ಕದ ಮನೆ, ಅಂದರೆ ಎರಡೂ ತುಟಿಗಳ ತಾಡಿತದ ಮನೆ, ಮಾತ್ರ ಖಾಲಿಯಾಗಿಯೇ ಉಳಿಯಿತು. ಮೋನೊ ಮಾತಿನಲ್ಲಿ ಕೆಳತುಟಿ ಹಲ್ಲಿನ ಬದಲು ಮೇಲ್ತುಟಿಗೆ ತಟ್ಟಿಹೋಗುವುದೂ ಉಂಟು. ಆದರೆ ಅದರಿಂದ ಪದದ ಅರ್ಥ ಬದಲಾಗುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಬಳಸುವ ಭಾಷೆಯೂ ಸಿಕ್ಕಿಲ್ಲ. ಸಂಘ ಮೊದಲಿನಿಂದ ಹಿಡಿದ ಕಟ್ಟಳೆ ಅದು: ಪದದಿಂದ ಪದವನ್ನು ಬೇರ್ಪಡಿಸುವ ಧ್ವನಿಗೆ ಸ್ವಂತ ಅಕ್ಷರ, ಮಿಕ್ಕ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಇರುವ ಅಕ್ಷರದ ಮೇಲೋ ಕೆಳಗೋ ಒಂದು ಗುರುತು. ಹಾಗಾಗಿ ಬಿಳಿ ಮನೆ ಕಂಡ ಕೂಡಲೇ ಆ ಧ್ವನಿ ಲೋಕದಲ್ಲೇ ಇಲ್ಲ ಎಂದುಕೊಂಡರೆ ತಪ್ಪಾಗುತ್ತದೆ. ಧ್ವನಿ ಇದ್ದು, ಅಕ್ಷರ ಮಾತ್ರ ಇಲ್ಲದಿರಬಹುದು. ಇದೇ ಕಟ್ಟಳೆಯಿಂದ ದಂತ್ಯ, ವರ್ತ್ಸ್ಯ ಮತ್ತು ಅದರ ಹಿಂದಿನ ಜಾಗಗಳ ನಡುವೆ ಹಲವು ಸಾಲುಗಳಲ್ಲಿ ಗೆರೆಯೇ ಇಲ್ಲ. t ಎಂಬ ಒಂದೇ ಅಕ್ಷರ ಮೂರು ಕಂಬಗಳ ಅಗಲಕ್ಕೂ ಚಾಚಿ ಕೂತಿದೆ. ಕನ್ನಡದ ತಕಾರವನ್ನು ಕರಾರುವಾಕ್ಕಾಗಿ ಬರೆಯಬೇಕಾದರೆ ಅದರ ಕೆಳಗೆ ಹಲ್ಲಿನ ಗುರುತು ಹಾಕಿ t̪ ಎನ್ನಬೇಕು.

ಈ ಕೋಷ್ಟಕದ ಬಿಳಿ ಮನೆಗಳನ್ನು ಪರೀಕ್ಷೆಗೊಡ್ಡುವ ಭಾಷೆಯೊಂದು ಕರ್ನಾಟಕದ ಗಡಿಯಾಚೆ, ನೀಲಗಿರಿಯಲ್ಲೇ ಇದೆ. ಅದು ತೊದವ ಭಾಷೆ, ಕನ್ನಡದ ಹಾಗೆಯೇ ದ್ರಾವಿಡ ಕುಲದ್ದು. ಮರ್ರೆ ಎಮಿನೊ 1930ರ ದಶಕದಲ್ಲಿ ಬೆಟ್ಟಕ್ಕೆ ಬಂದು ಅದನ್ನು ದಾಖಲಿಸಿದರು. ಆಮೇಲೆ ಸಿನಿಶಾ ಸ್ಪಾಯಿಚ್, ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಅದರ ಕಂಪಿತ ಧ್ವನಿಗಳನ್ನು ಉಪಕರಣಗಳಿಂದ ಅಳೆದು 1996ರಲ್ಲಿ ಪ್ರಕಟಿಸಿದರು. ತೊದವರ ಮಾತಿನಲ್ಲಿ ಮೂರು ಬಗೆಯ ರಕಾರಗಳು ಪದದ ಅರ್ಥವನ್ನೇ ಬದಲಿಸುತ್ತವೆ, ಅವುಗಳಲ್ಲಿ ಒಂದು ಮೂರ್ಧನ್ಯ. ಕೋಷ್ಟಕದಲ್ಲಿ ಮೂರ್ಧನ್ಯ ಕಂಪಿತದ ಮನೆ ಖಾಲಿ. ಹಾಗಾದರೆ ಅಲ್ಲಿ ಅಕ್ಷರ ಬೇಕಲ್ಲವೇ?

ಅಳತೆಗಳು ತೋರಿಸಿದ ಸಂಗತಿ ಅಷ್ಟು ನೇರವಾಗಿಲ್ಲ. ನಾಲಿಗೆಯ ತುದಿ ಮೊದಲು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆದರೆ ಅದುರುವ ಹೊತ್ತಿಗೆ ಅದು ಮುಂದಕ್ಕೆ ಸರಿದು ಮಾಮೂಲು ರಕಾರದ ಜಾಗಕ್ಕೆ ಹತ್ತಿರ ಬಂದಿರುತ್ತದೆ. ಕಿವಿಗೆ ಇದು ಬೇರೆಯಾಗಿ ಕೇಳಿಸುವುದು ಮುಖ್ಯವಾಗಿ ಆ ಮಡಚುವಿಕೆಯಿಂದ, ಹಿಂದಿನ ಸ್ವರದ ಮೇಲೆ ಅದು ಬಿಡುವ ಛಾಯೆಯಿಂದ. ಕಂಬ ಒಂದು ಜಾಗವನ್ನು ಮಾತ್ರ ಹೇಳಬಲ್ಲದು. ನಾಲಿಗೆ ಒಂದು ಕಡೆ ಹೊರಟು ಇನ್ನೊಂದು ಕಡೆ ಮುಗಿಸಿದರೆ ಅದನ್ನು ಯಾವ ಮನೆಯಲ್ಲಿ ಕೂರಿಸಬೇಕು ಎಂಬುದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲ.

ತೊದವದಲ್ಲೇ ಇನ್ನೊಂದು ಧ್ವನಿಯಿದೆ: ಘೋಷವಿಲ್ಲದೆ, ಗಾಳಿ ಉಜ್ಜಿಕೊಂಡು ಹೊರಬರುವ ಳಕಾರ. ಮೂರ್ಧನ್ಯದ ಕಂಬ, ಪಾರ್ಶ್ವಿಕ ಘರ್ಷದ ಸಾಲು. ಅದಕ್ಕೆ ಒಪ್ಪುವ ꞎ ಎಂಬ ಅಕ್ಷರ ಯೂನಿಕೋಡ್‌ನಲ್ಲಿ U+A78E ಎಂಬ ಸಂಖ್ಯೆಯಲ್ಲಿ ಸೇರಿದೆ, ಲೇಖಕರು ಬಳಸುತ್ತಲೂ ಇದ್ದಾರೆ. 2020ರ ಮುಖ್ಯ ಕೋಷ್ಟಕದಲ್ಲಿ ಆ ಮನೆ ಇನ್ನೂ ಬಿಳಿ.